ಪುಸ್ತಕದಲ್ಲಿ ಹುಲಿ, ಮನೆಯಲ್ಲಿ ಪಿಲಿ

ನವರಾತ್ರಿಯ ತಾಸೆಯ ಸದ್ದಿಗೆ ಅಂಗಳಕ್ಕೆ ಓಡಿಬರುವ ಮಂಗಳೂರು ಕಡೆಯ ಮಗುವಿಗೆ ಪಿಲಿ ಚೆನ್ನಾಗಿ ಗೊತ್ತು. ಅದರ ಪಟ್ಟೆ, ಬಾಲ, ಕುಣಿತ ಎಲ್ಲವೂ ಗೊತ್ತು. ಒಂದನೇ ತರಗತಿಯ ಕನ್ನಡ ಪುಸ್ತಕ ತೆರೆದಾಗ ಮಾತ್ರ ಅಲ್ಲಿ ‘ಹುಲಿ’ ಇರುತ್ತದೆ. ಪ್ರಾಣಿ ಹಳೆಯದು, ಹೆಸರು ಹೊಸದು. ಇದನ್ನು ಕಂಡ ತಂದೆತಾಯಿ ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತಾರೆ. ಶಾಲೆಗೆ ಒಳ್ಳೆಯದೆಂದು ಮನೆಯಲ್ಲೂ ತುಳು ಬಿಟ್ಟು ಕನ್ನಡದಲ್ಲೇ ಮಾತಾಡತೊಡಗುತ್ತಾರೆ, ಇಲ್ಲವೇ ಪುಸ್ತಕದ ಒಂದೊಂದು ಸಾಲನ್ನೂ ಓದಿ ಕೂಡಲೇ ತುಳುವಿನಲ್ಲಿ ಹೇಳುತ್ತಾರೆ. ಎರಡೂ ಬೇಕಿಲ್ಲ. ಓದು ಕನ್ನಡದಲ್ಲಿರಲಿ, ಓದಿನ ಸುತ್ತಲಿನ ಮಾತು ತುಳುವಿನಲ್ಲಿರಲಿ.

ಸಾಲುಸಾಲಿಗೂ ಅರ್ಥ ಹೇಳುವುದರ ತೊಂದರೆ ಎರಡು ಮೂರು ದಿನಗಳಲ್ಲೇ ಕಾಣುತ್ತದೆ. ಕನ್ನಡದ ಸಾಲು ಮುಗಿಯುತ್ತಿದ್ದಂತೆ ಮಗು ಪುಟ ಬಿಟ್ಟು ನಿಮ್ಮ ಮುಖ ನೋಡುತ್ತದೆ. ತುಳು ಹೇಗೂ ಬರುತ್ತದೆಂದು ಗೊತ್ತಾದ ಮೇಲೆ ಅದು ಕನ್ನಡಕ್ಕೆ ಕಿವಿಗೊಡುವುದಿಲ್ಲ, ಕಾಯುತ್ತದೆ ಅಷ್ಟೆ.

ಅದರ ಬದಲು ಒಂದೇ ಪುಸ್ತಕವನ್ನು ಮೂರು ಸಂಜೆಗೆ ಹಂಚಿಕೊಳ್ಳಿ. ಹುಲಿಮರಿಯೊಂದು ಹೊಳೆ ದಾಟಲು ಹೆದರುವ, ಪುಟಕ್ಕೆ ಒಂದೆರಡು ಸಾಲಿನ ಚಿತ್ರಕಥೆ ನಿಮ್ಮ ಕೈಯಲ್ಲಿದೆ ಎಂದುಕೊಳ್ಳಿ. ಮೊದಲ ಸಂಜೆ ಅಕ್ಷರ ಮುಟ್ಟಬೇಡಿ. ಚಿತ್ರ ತೋರಿಸಿ ‘ಉಂದು ದಾದ?’ ಎಂದು ಕೇಳಿ. ಮಗು ಪಿಲಿ ಎನ್ನಲಿ, ಸುದೆ ಎನ್ನಲಿ. ಕಥೆ ಎತ್ತ ಹೋಗಬಹುದೆಂದು ತುಳುವಿನಲ್ಲೇ ಊಹಿಸಲಿ. ಕೊನೆಗೆ, ಕಥೆ ಅರ್ಥವಾಗಲು ಬೇಕೇಬೇಕಾದ ಮೂರು ಕನ್ನಡ ಪದಗಳನ್ನಷ್ಟೇ ಚಿತ್ರದ ಮೇಲೆ ಬೆರಳಿಟ್ಟು ಹೇಳಿ: ಹುಲಿ, ಹೊಳೆ, ದಾಟು.

ಎರಡನೆಯ ಸಂಜೆ ಕನ್ನಡದಲ್ಲಿ ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ಓದಿ. ಅರ್ಥ ಹೇಳುವ ಕೆಲಸವನ್ನು ಧ್ವನಿ ಮತ್ತು ಬೆರಳು ಮಾಡಲಿ. ಓದಿ ಮುಗಿಸಿದ ಮೇಲೆ ಕಥೆಯ ನಡುವಿನ ಪುಟವೊಂದನ್ನು ತೆರೆದು ‘ಬೊಕ್ಕ ದಾದ ಆಂಡ್?’ ಎಂದು ಕೇಳಿ. ಉತ್ತರ ತುಳುವಿನಲ್ಲಿ ಬಂದರೆ ತಿದ್ದಬೇಡಿ. ಕನ್ನಡ ಕೇಳಿ ತುಳುವಿನಲ್ಲಿ ಹೇಳಿತೆಂದರೆ ಕಥೆ ಅದಕ್ಕೆ ತಲುಪಿದೆ. ಮೂರನೆಯ ಸಂಜೆ, ಮತ್ತೆ ಮತ್ತೆ ಬರುವ ಸಾಲಿನ ಕೊನೆಯ ಪದಕ್ಕೆ ಮೊದಲು ನಿಲ್ಲಿ. ‘ಹುಲಿಮರಿ ಹೊಳೆ...’ ಎಂದು ನಿಲ್ಲಿಸಿದರೆ ‘ದಾಟಲಿಲ್ಲ’ ಎಂದು ಮಗುವೇ ಮುಗಿಸೀತು. ಮುಗಿಸದಿದ್ದರೆ ನೀವೇ ಹೇಳಿ ಮುಂದೆ ಹೋಗಿ.

ತುಳು ಮನೆಗಳಿಗೆ ಇಲ್ಲೊಂದು ಅನುಕೂಲವಿದೆ. ಹಳಗನ್ನಡದಲ್ಲಿ ‘ಪ’ಕಾರದಿಂದ ಶುರುವಾಗುತ್ತಿದ್ದ ಎಷ್ಟೋ ಪದಗಳು ಹೊಸಗನ್ನಡಕ್ಕೆ ಬರುವಾಗ ‘ಹ’ಕಾರಕ್ಕೆ ತಿರುಗಿದವು. ತುಳು ಆ ‘ಪ’ವನ್ನು ಉಳಿಸಿಕೊಂಡಿತು. ಪೂ–ಹೂ, ಪೊಸ–ಹೊಸ, ಪಗೆಲ್–ಹಗಲು, ಪಿಲಿ–ಹುಲಿ. ಓದುವಾಗ ಇಂಥ ಜೋಡಿಯೊಂದು ಸಿಕ್ಕಿದರೆ ಮಗುವಿಗೆ ತೋರಿಸಿ. ಮುಂದಿನ ಜೋಡಿಯನ್ನು ಅದೇ ಹುಡುಕಲು ಹೊರಡುತ್ತದೆ. ಆದರೆ ಈ ಕೀಲಿಕೈ ಎಲ್ಲ ಬೀಗಕ್ಕೂ ಹೊಂದುವುದಿಲ್ಲ. ಹಾಲು ತುಳುವಿನಲ್ಲಿ ‘ಪೇರ್’, ಹೊಳೆ ‘ಸುದೆ’. ಮಗು ‘ಪಾಲ್’ ಎಂದು ಊಹಿಸಿದರೆ ನಗಬೇಡಿ. ಅದು ನಿಯಮ ಹಿಡಿದಿದೆ ಎಂಬುದಕ್ಕೆ ಆ ತಪ್ಪೇ ಗುರುತು.

ಮಗು ಕಥೆ ಹೇಳದೆ ಸುಮ್ಮನಿದ್ದರೆ? ಆಗಲೂ ಎರಡು ಭಾಷೆ ಇರುವುದು ನೆರವಿಗೆ ಬರುತ್ತದೆ. ಅದೇ ಕಥೆಯನ್ನು ಪುಸ್ತಕ ಮುಚ್ಚಿ ತುಳುವಿನಲ್ಲಿ ಹೇಳಿ, ಮತ್ತೆ ಕೇಳಿ. ಈಗ ಹೇಳಿದರೆ ಕೊರತೆ ಇರುವುದು ಕನ್ನಡದ ಪದಗಳಲ್ಲಿ. ಇನ್ನಷ್ಟು ಸುಲಭದ ಪುಸ್ತಕ ಹಿಡಿಯಿರಿ. ತುಳುವಿನಲ್ಲೂ ಹೇಳದಿದ್ದರೆ ಕಥೆಯೇ ವಯಸ್ಸಿಗೆ ಮೀರಿದ್ದಿರಬಹುದು, ಮಗು ದಣಿದಿರಬಹುದು. ಬೇರೆ ಬೇರೆ ಕಥೆಗಳಲ್ಲಿ, ತಿಂಗಳುಗಟ್ಟಲೆ ಮನೆಮಾತಿನಲ್ಲೂ ಹೀಗೇ ಆದರೆ ಕಿವಿ ಕೇಳಿಸುವುದನ್ನೂ ಮಾತನ್ನೂ ವೈದ್ಯರಿಗೆ ತೋರಿಸುವುದು ಒಳಿತು. ಎರಡು ಭಾಷೆ ಕೇಳಿ ಬೆಳೆದದ್ದರಿಂದ ಹೀಗಾಯಿತೆಂದು ತುಳುವನ್ನು ನಿಲ್ಲಿಸಬೇಡಿ.

ಪುಸ್ತಕಕ್ಕೆ ಹೆಚ್ಚು ಖರ್ಚಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ, ಮುದ್ರಿಸಿಕೊಳ್ಳಲೂಬಹುದು. ಅಲ್ಲಿ ಪುಸ್ತಕಗಳಿಗೆ ನಾಲ್ಕು ಹಂತಗಳಿವೆ. ಎಂಟು ವರ್ಷದ ಮಗುವಾದರೂ ಕನ್ನಡಕ್ಕೆ ಹೊಸದಾಗಿದ್ದರೆ ಒಂದನೇ ಹಂತದಿಂದ ಶುರುಮಾಡಿ.

ತುಳುವಿನ ಪುಸ್ತಕ ಸಿಗದಿದ್ದರೆ ಒಂದನ್ನು ಮನೆಯಲ್ಲೇ ಮಾಡಬಹುದು. ಅಜ್ಜಿ ಹೇಳುವ ಕಥೆಯನ್ನು ಕನ್ನಡ ಲಿಪಿಯಲ್ಲಿ ನೋಟ್‌ಬುಕ್ಕಿಗೆ ಬರೆದುಕೊಳ್ಳಿ, ಚಿತ್ರ ಮಗು ಬರೆಯಲಿ. ಬರೆಯುವಾಗ ಒಂದು ಇಕ್ಕಟ್ಟು ಎದುರಾಗುತ್ತದೆ. ‘ನಾನು ಬಂದೆ’, ‘ಅವನು ಬಂದ’ ಎರಡಕ್ಕೂ ‘ಬತ್ತೆ’ ಎಂದೇ ಬರೆಯಬೇಕಾಗುತ್ತದೆ. ಕೊನೆಯ ಸ್ವರ ಬೇರೆಯಾದರೂ ಕನ್ನಡ ಲಿಪಿಯಲ್ಲಿ ಅದಕ್ಕೆ ಬೇರೆ ಗುರುತಿಲ್ಲ. ಚಿಂತೆ ಬೇಡ. ಓದಿ ಹೇಳುವಾಗ ಸರಿಯಾದ ಸ್ವರ ನಿಮ್ಮ ಬಾಯಲ್ಲಿ ತಾನಾಗಿ ಬರುತ್ತದೆ, ತಪ್ಪಿದರೆ ಅಜ್ಜಿ ಸುಮ್ಮನೆ ಬಿಡುವುದಿಲ್ಲ.