ಗ್ಯಾಸ್ ಸಬ್ಸಿಡಿ ಯಾವ ಖಾತೆಗೆ ಹೋಯ್ತು?

ಉಜ್ವಲಾ ಗ್ಯಾಸ್ ಸಂಪರ್ಕಕ್ಕೆ ಆನ್‌ಲೈನಿನಲ್ಲಿ ಅರ್ಜಿ ಹಾಕುವುದು ಈಗ ದೊಡ್ಡ ಕೆಲಸವೇನಲ್ಲ. pmuy.gov.in ತೆರೆದು ಕಂಪೆನಿ, ಹತ್ತಿರದ ಏಜೆನ್ಸಿ ಆರಿಸಿ, ಮನೆಯ ಹೆಂಗಸಿನ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಖಾತೆಯ ವಿವರ ಕೊಡಬೇಕು. ಆ ಮನೆಯಲ್ಲಿ ಬೇರೆ ಗ್ಯಾಸ್ ಸಂಪರ್ಕ ಇರಬಾರದು. ತಕರಾರು ಶುರುವಾಗುವುದು ಆಮೇಲೆ.

ಸಿಲಿಂಡರಿಗೆ ಪೂರ್ತಿ ದುಡ್ಡು ಕೊಟ್ಟೇ ತಗೊಳ್ಳಬೇಕು, ಸಬ್ಸಿಡಿ ನಂತರ ಖಾತೆಗೆ ಬರುತ್ತದೆ. ಯಾವ ಖಾತೆಗೆ? ಅರ್ಜಿಯಲ್ಲಿ ಬರೆದದ್ದಕ್ಕೇ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಆಧಾರ್ ಮೂಲಕ ಹಣ ಬರುವವರಿಗೆ ಹಾಗಲ್ಲ. ಒಂದು ಆಧಾರಿಗೆ ಒಂದೇ ಬ್ಯಾಂಕ್. ಕೊನೆಯದಾಗಿ ಯಾವ ಬ್ಯಾಂಕಿನಲ್ಲಿ ಜೋಡಿಸಿದ್ದೀರೋ ಹಣ ಅಲ್ಲಿಗೇ.

ಒಂದು ಉದಾಹರಣೆ ನೋಡುವಾ. ಉಳ್ಳಾಲದ ಒಬ್ಬ ತಾಯಿ ಅರ್ಜಿಯಲ್ಲಿ ತನ್ನ ಹಳೆ ಜನಧನ ಖಾತೆ ಬರೆದಿದ್ದಾರೆ ಅಂತಿಟ್ಟುಕೊಳ್ಳಿ. ಆಮೇಲೆ ಮಗಳ ಒತ್ತಾಯಕ್ಕೆ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದು, ಸರಕಾರಿ ಹಣ ಇಲ್ಲಿಗೇ ಬರಲಿ ಎಂಬ ಕಡೆ ಟಿಕ್ ಹಾಕಿದರು. ಈಗ ಹಳೆ ಪಾಸ್‌ಬುಕ್ ಎಷ್ಟು ಸಲ ಪ್ರಿಂಟ್ ಹಾಕಿಸಿದರೂ ಏನೂ ಕಾಣದು, ಹಣ ಹೊಸದರಲ್ಲಿ ಕೂತಿದೆ. ಏಜೆನ್ಸಿಯವರ ಹತ್ತಿರ ಜಗಳವಾಡಿ ಪ್ರಯೋಜನವಿಲ್ಲ, ಇದು ಅವರ ಕೈಯಲ್ಲಿಲ್ಲ.

myaadhaar.uidai.gov.in ನಲ್ಲಿ Bank Seeding Status ಒತ್ತಿದರೆ ಬ್ಯಾಂಕಿನ ಹೆಸರು ಕಾಣುತ್ತದೆ. ಬದಲಿಸಬೇಕಿದ್ದರೆ ನಿಮಗೆ ಬೇಕಾದ ಬ್ಯಾಂಕಿಗೇ ಹೋಗಿ ಆಧಾರ್ ಜೋಡಣೆಯ ಒಪ್ಪಿಗೆ ಫಾರಂ ಕೊಡಿ. ಒಂದು ಮಾತು: ಓಟಿಪಿ ಬರುವುದು ಆಧಾರಿನಲ್ಲಿರುವ ನಂಬರಿಗೆ. ಆ ಸಿಮ್ ಗಲ್ಫಿನಲ್ಲಿರುವ ಯಜಮಾನರ ಜೇಬಿನಲ್ಲಿದ್ದರೆ, ಮೊದಲು ಅವರಿಗೆ ಫೋನ್ ಮಾಡಿಯೇ ಕೂತುಕೊಳ್ಳಿ.