ಬೇಡಿಕೆ ಕುಸಿದಿದೆಯೇ, ಪುಸ್ತಕ ಸಿಕ್ಕಿಬಿದ್ದಿದೆಯೇ?

ಪ್ರತಿ ಮೂರು ತಿಂಗಳಿಗೊಮ್ಮೆ ಲೈಬ್ರರಿಯಲ್ಲಿ ಒಂದು ವರದಿ ತಯಾರಾಗುತ್ತದೆ. ಯಾವ ವಿಭಾಗದ ಪುಸ್ತಕಗಳನ್ನು ಜನ ಹೆಚ್ಚಾಗಿ ಮನೆಗೆ ಒಯ್ದರು, ಯಾವ ಪುಸ್ತಕಗಳ ವಾಯಿದೆ ಮೀರಿದೆ, ಯಾವ ಸದಸ್ಯರ ಬಳಿ ಅವು ಉಳಿದಿವೆ ಎಂಬ ಮೂರು ಪಟ್ಟಿಗಳು ಅದರಲ್ಲಿರುತ್ತವೆ. ಮೊದಲ ಪಟ್ಟಿ ಪುಸ್ತಕ ಖರೀದಿಯ ಸಭೆಗೆ ಹೋಗುತ್ತದೆ. ಉಳಿದೆರಡು ಕೌಂಟರಿನಲ್ಲಿ ಕೂತವರ ಕೈಗೆ ಬರುತ್ತವೆ, ನೋಟಿಸು ಕಳಿಸುವುದಕ್ಕೆ. ಒಂದೇ ವರದಿಯ ಹಾಳೆಗಳು ಹೀಗೆ ಬೇರೆ ಬೇರೆ ಮೇಜಿಗೆ ಹೋಗುವುದೇ ತೊಂದರೆಯ ಮೂಲ. ಎರಡನೆಯ ಪಟ್ಟಿಯನ್ನು ನೋಡದೆ ಮೊದಲನೆಯದನ್ನು ಓದಿದವರು, ಓದುಗರು ಮುಗಿಬಿದ್ದು ಕೇಳುವ ಪುಸ್ತಕವನ್ನೇ ‘ಯಾರೂ ಕೇಳುತ್ತಿಲ್ಲ’ ಎಂದು ತೀರ್ಮಾನಿಸಿಬಿಡಬಹುದು.

ಕಂಪ್ಯೂಟರ್ ಬರುವ ಮೊದಲು ಈ ಮೂರೂ ಪಟ್ಟಿಗಳು ಒಂದೇ ಮರದ ಟ್ರೇಯಲ್ಲಿದ್ದವು. ನಮ್ಮ ಅನೇಕ ಲೈಬ್ರರಿಗಳಲ್ಲಿ ನಡೆಯುತ್ತಿದ್ದದ್ದು ಬ್ರೌನ್ ಪದ್ಧತಿ. ಸದಸ್ಯರ ಹೆಸರಿದ್ದ ಪುಟ್ಟ ಚೀಟಿಯೊಂದು ಜೇಬಿನ ಆಕಾರದಲ್ಲಿರುತ್ತಿತ್ತು. ಪುಸ್ತಕದಿಂದ ಅದರ ಕಾರ್ಡನ್ನು ತೆಗೆದು ಆ ಜೇಬಿಗೆ ಸಿಕ್ಕಿಸಿ, ವಾಪಸು ಬರಬೇಕಾದ ದಿನಾಂಕದ ಹಿಂದೆ ನಿಲ್ಲಿಸುತ್ತಿದ್ದರು. ಸಂಜೆ ಆ ದಿನದ ಕಾರ್ಡುಗಳನ್ನು ವಿಷಯವಾರು ಎಣಿಸಿ ರಿಜಿಸ್ಟರಿನಲ್ಲಿ ಬರೆದರೆ ಎರವಲಿನ ಲೆಕ್ಕ ಸಿಗುತ್ತಿತ್ತು. ದಿನಾಂಕ ದಾಟಿದ ಮೇಲೂ ಟ್ರೇಯಲ್ಲೇ ಉಳಿದ ಕಾರ್ಡುಗಳು ವಾಯಿದೆ ಮೀರಿದ ಪುಸ್ತಕಗಳಾಗಿದ್ದವು. ಅವುಗಳನ್ನು ಹಿಡಿದುಕೊಂಡಿದ್ದ ಚೀಟಿಯಲ್ಲಿ ಸದಸ್ಯರ ಹೆಸರಿರುತ್ತಿತ್ತು. ಪ್ರತಿದಿನ ಟ್ರೇ ಮುಂದೆ ಕೂರುವವರಿಗೆ, ಯಾವ ವಿಷಯದ ಕಾರ್ಡುಗಳು ಹಳೆಯ ದಿನಾಂಕಗಳ ಹಿಂದೆ ಗುಂಪುಗೂಡುತ್ತಿವೆ ಎಂಬುದು ಕಣ್ಣಿಗೇ ಕಾಣುತ್ತಿತ್ತು. ಇಂದು ಅದೇ ಮಾಹಿತಿ ಕೊಹಾ, ಇ-ಗ್ರಂಥಾಲಯದಂಥ ತಂತ್ರಾಂಶಗಳ ಒಳಗಿದೆ. ಕೇಳಿದ್ದನ್ನು ಅವು ಕ್ಷಣದಲ್ಲಿ ಕೊಡುತ್ತವೆ, ಆದರೆ ಕೇಳಿದ್ದನ್ನು ಮಾತ್ರ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಅಂಕಿಗಳು ವಿವರಣೆಗಾಗಿ ನಾನು ಹಾಕಿಕೊಂಡವು, ಲೆಕ್ಕದ ರೀತಿ ಮಾತ್ರ ನಿಜವಾದದ್ದು. ತಾಲ್ಲೂಕು ಕೇಂದ್ರದ ಒಂದು ಲೈಬ್ರರಿ, ಎರವಲಿನ ಅವಧಿ 15 ದಿನ. ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ಕಾದಂಬರಿ ಮತ್ತು ಕಥೆಗಳು 1800 ಬಾರಿ, ಮಕ್ಕಳ ಪುಸ್ತಕಗಳು 960 ಬಾರಿ ಹೊರಗೆ ಹೋಗಿವೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎಯಂಥ ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕಗಳು ಹೋಗಿರುವುದು 150 ಬಾರಿ. ಅದರ ಹಿಂದಿನ ಮೂರು ತಿಂಗಳಲ್ಲಿ ಈ ಕೊನೆಯ ವಿಭಾಗದ ಲೆಕ್ಕ 300 ಇತ್ತು.

ಇದಷ್ಟನ್ನೇ ಓದಿದರೆ ತೀರ್ಮಾನ ಸಲೀಸು: ಕಾದಂಬರಿಗೆ ಬೇಡಿಕೆ ಹೆಚ್ಚು, ಪರೀಕ್ಷಾ ಪುಸ್ತಕಗಳ ಮೇಲಿನ ಆಸಕ್ತಿ ಅರ್ಧಕ್ಕಿಳಿದಿದೆ, ಆದ್ದರಿಂದ ಈ ಸಲದ ಹಣ ಕಾದಂಬರಿಗೆ. ಈಗ ಪ್ರತಿ ವಿಭಾಗದ ಪಕ್ಕದಲ್ಲಿ ಅದರ ಪ್ರತಿಗಳ ಸಂಖ್ಯೆಯನ್ನೂ ಬರೆಯೋಣ. ಕಾದಂಬರಿ, ಕಥೆಗಳು ಸೇರಿ 3000 ಪ್ರತಿಗಳಿವೆ, ಮಕ್ಕಳ ಪುಸ್ತಕ 800, ಪರೀಕ್ಷಾ ಪುಸ್ತಕ 120. ಮೂರು ತಿಂಗಳಲ್ಲಿ ಎರಡು ಕಾದಂಬರಿಗಳಿಗೆ ಒಟ್ಟಾಗಿ ಒಂದು ಬಾರಿಗಿಂತ ಸ್ವಲ್ಪವಷ್ಟೇ ಹೆಚ್ಚು ಸುತ್ತು ಸಿಕ್ಕಿದೆ. ಮಕ್ಕಳ ಪುಸ್ತಕ ಮತ್ತು ಪರೀಕ್ಷಾ ಪುಸ್ತಕಗಳು ತಲಾ ಒಂದು ಬಾರಿಗಿಂತ ಹೆಚ್ಚು ಓಡಾಡಿವೆ. ಪಟ್ಟಿಯ ಕ್ರಮವೇ ಇಲ್ಲಿ ಮಗುಚಿತು. ಕಾದಂಬರಿ ಮೊದಲ ಸ್ಥಾನದಲ್ಲಿದ್ದುದಕ್ಕೆ ಮುಖ್ಯ ಕಾರಣ, ಕಪಾಟಿನಲ್ಲಿ ಇರುವುದೇ ಹೆಚ್ಚಾಗಿ ಕಾದಂಬರಿ.

ಆದರೂ ಒಂದು ಪ್ರಶ್ನೆ ಉಳಿಯಿತು. 300 ಇದ್ದದ್ದು 150 ಆದದ್ದೇಕೆ? ಉತ್ತರವಿರುವುದು ವಾಯಿದೆ ಮೀರಿದ ಪುಸ್ತಕಗಳ ಪಟ್ಟಿಯಲ್ಲಿ, ಅದೂ ಪುಸ್ತಕದ ಹೆಸರಿನ ಪಕ್ಕದಲ್ಲಿ ವಾಪಸು ಬರಬೇಕಿದ್ದ ದಿನಾಂಕವನ್ನು ಅಚ್ಚು ಹಾಕಿಸಿದ್ದರೆ. ಜೂನ್ 30ರಂದು ತೆಗೆದ ಪಟ್ಟಿಯಲ್ಲಿ 70 ಪರೀಕ್ಷಾ ಪುಸ್ತಕಗಳಿವೆ, ಎಲ್ಲದರ ದಿನಾಂಕವೂ ಮಾರ್ಚ್ 31 ಅಥವಾ ಅದಕ್ಕೂ ಹಿಂದಿನದು. ಅಂದರೆ ಏಪ್ರಿಲ್‌ನಿಂದ ಜೂನ್‌ವರೆಗೆ ಆ 70 ಪುಸ್ತಕಗಳು ಒಮ್ಮೆಯೂ ಕೌಂಟರಿಗೆ ಬಂದಿಲ್ಲ. ಓದುಗರಿಗೆ ನಿಜಕ್ಕೂ ಸಿಗುತ್ತಿದ್ದದ್ದು 50 ಪ್ರತಿ ಮಾತ್ರ, ಅವುಗಳೇ 150 ಬಾರಿ ಹೊರಹೋಗಿವೆ. ಹಿಂದಿನ ಮೂರು ತಿಂಗಳಲ್ಲಿ ಹೀಗೆ ಸಿಕ್ಕಿಬಿದ್ದಿದ್ದವು 20, ಸಿಗುತ್ತಿದ್ದವು 100, ಹೊರಹೋಗಿದ್ದು 300 ಬಾರಿ. ಎರಡೂ ಸಲ ಪ್ರತಿ ಪುಸ್ತಕಕ್ಕೆ ಮೂರು ಸುತ್ತು. ಓದುಗರ ಆಸಕ್ತಿ ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ, ಕಪಾಟು ಅರ್ಧ ಖಾಲಿಯಾಗಿದೆ, ಅಷ್ಟೆ. ಈ ಒಂದು ಹೆಜ್ಜೆ ಇಡದೆ ಮುಂದಿನ ವರ್ಷದ ಖರೀದಿಯಲ್ಲಿ ಪರೀಕ್ಷಾ ಪುಸ್ತಕಗಳ ಹಣ ಕಡಿತವಾದರೆ, ಹಳ್ಳಿಯಿಂದ ಬಸ್ಸು ಹಿಡಿದು ಬಂದು ಬರಿಗೈಲಿ ಹಿಂದಿರುಗುವ ಹುಡುಗ ಹುಡುಗಿಯರಿಗೆ ಆಗುವ ಅನ್ಯಾಯ ದೊಡ್ಡದು. ಬರಿಗೈಲಿ ಹೋದವರ ಲೆಕ್ಕ ಯಾವ ವರದಿಯಲ್ಲೂ ಬರುವುದಿಲ್ಲ.

ಇನ್ನು ಮೂರನೆಯ ಪಟ್ಟಿ. ಕೊಹಾದಲ್ಲಿ ಸದ್ಯ ಹೊರಗಿರುವ ಪುಸ್ತಕಗಳೆಲ್ಲ `issues` ಎಂಬ ಕೋಷ್ಟಕದಲ್ಲಿರುತ್ತವೆ. ವಾಪಸು ಬಂದೊಡನೆ ಆ ಸಾಲು `old_issues` ಎಂಬ ಇನ್ನೊಂದು ಕೋಷ್ಟಕಕ್ಕೆ ಸರಿಯುತ್ತದೆ. ಆದ್ದರಿಂದ ಬಾಕಿ ಇರುವ ಸದಸ್ಯರ ಪಟ್ಟಿಗೆ ಇಷ್ಟು ಕೇಳಿದರೆ ಸಾಕು:

```sql
SELECT b.cardnumber, b.address,
       COUNT(*), MIN(i.date_due)
FROM issues i
JOIN borrowers b USING (borrowernumber)
WHERE i.date_due < CURDATE()
GROUP BY b.borrowernumber
ORDER BY MIN(i.date_due);
```

ಒಬ್ಬೊಬ್ಬ ಸದಸ್ಯರಿಗೂ ಒಂದು ಸಾಲು: ಕಾರ್ಡ್ ಸಂಖ್ಯೆ, ವಿಳಾಸ, ಎಷ್ಟು ಪುಸ್ತಕ ಬಾಕಿ, ಅವುಗಳಲ್ಲಿ ಅತಿ ಹಳೆಯದು ಯಾವ ದಿನ ಬರಬೇಕಿತ್ತು. ಹಳೆಯ ಬಾಕಿ ಮೇಲೆ ಬರುತ್ತದೆ. ವಿಳಾಸದ ಕಾಲಮ್ಮನ್ನು ಸಾಮಾನ್ಯವಾಗಿ ನೋಟಿಸು ಅಂಟಿಸಲು ಮಾತ್ರ ಬಳಸುತ್ತಾರೆ, ಅದನ್ನು ಮೇಲಿನಿಂದ ಕೆಳಗೆ ಓದಿ ನೋಡಬೇಕು. ನಮ್ಮ ಉದಾಹರಣೆಯ 70 ಪುಸ್ತಕಗಳು 35 ಸದಸ್ಯರ ಬಳಿ ತಲಾ ಎರಡರಂತೆ ಇವೆ. ಅವರಲ್ಲಿ 24 ಜನರ ವಿಳಾಸ ಒಂದೇ ವಿದ್ಯಾರ್ಥಿ ನಿಲಯ ಎಂದಿಟ್ಟುಕೊಳ್ಳಿ. ಪರೀಕ್ಷೆ ಮುಗಿದಿದೆ, ಕೊಠಡಿ ಖಾಲಿ ಮಾಡಿ ಊರಿಗೆ ಹೋಗಿದ್ದಾರೆ. ಆ ವಿಳಾಸಕ್ಕೆ 24 ನೋಟಿಸು ಕಳಿಸಿದರೂ ಓದುವವರಿಲ್ಲ. ನಿಲಯದ ವಾರ್ಡನ್‌ಗೆ ಒಂದು ಫೋನು, ಒಂದೆರಡು ಹಾಜರಾತಿ ಪುಸ್ತಕಗಳಲ್ಲಿ ಹುಡುಕಾಟ, ಮನೆಯ ಮೊಬೈಲ್ ಸಂಖ್ಯೆಗಳು, ಇವುಗಳಿಂದ ಕೆಲವಾದರೂ ಪುಸ್ತಕಗಳು ಹಿಂದಿರುಗುತ್ತವೆ. ಇಟ್ಟ ಠೇವಣಿ ಪುಸ್ತಕದ ಬೆಲೆಗಿಂತ ಕಡಿಮೆಯಿದ್ದಾಗ, ಅದನ್ನು ಬಿಟ್ಟುಕೊಟ್ಟು ಪುಸ್ತಕ ಇಟ್ಟುಕೊಳ್ಳುವವರೂ ಇರುತ್ತಾರೆ. ಮೂರನೆಯ ಪಟ್ಟಿಯಲ್ಲಿ ಅದರ ಗುರುತು ಸ್ಪಷ್ಟ: ದುಬಾರಿ ಪುಸ್ತಕಗಳೇ ಆಯ್ದು ಸಿಕ್ಕಿಬಿದ್ದಿರುತ್ತವೆ.

ಈ ಪಟ್ಟಿಯನ್ನು ಹಿಡಿದು ಫೋನು ಎತ್ತುವ ಮುಂಚೆ ಮಾಡಲೇಬೇಕಾದ ಕೆಲಸವೊಂದಿದೆ, ಕಪಾಟಿಗೆ ಹೋಗಿ ಹುಡುಕುವುದು. ಸದಸ್ಯರು ಪುಸ್ತಕ ಕೊಟ್ಟಿರುತ್ತಾರೆ, ಜನಸಂದಣಿಯಲ್ಲಿ ಬಾರ್‌ಕೋಡ್ ಸ್ಕ್ಯಾನ್ ಆಗಿರುವುದಿಲ್ಲ, ಪುಸ್ತಕ ತನ್ನ ಜಾಗಕ್ಕೆ ಹೋಗಿ ಕೂತಿರುತ್ತದೆ. ತಂತ್ರಾಂಶದ ಕಣ್ಣಿಗೆ ಅದು ಇನ್ನೂ ಬಾಕಿ. ಕರೆಂಟು ಹೋಗಿದ್ದ ದಿನ, ಬದಲಿ ಸಿಬ್ಬಂದಿ ಕೂತಿದ್ದ ದಿನಗಳಲ್ಲಿ ಇದು ಹೆಚ್ಚು. ಒಂದೇ ದಿನಾಂಕದ ಬಾಕಿಗಳು ಅಸಹಜವಾಗಿ ಗುಂಪುಗೂಡಿದ್ದರೆ ತಪ್ಪು ಕೌಂಟರಿನದಿರಬಹುದು ಎಂದು ಮೊದಲು ಅನುಮಾನಿಸಬೇಕು. ಕೊಟ್ಟ ಪುಸ್ತಕಕ್ಕೆ ನೋಟಿಸು ಪಡೆದ ಹಿರಿಯರೊಬ್ಬರು ಮತ್ತೆ ಲೈಬ್ರರಿಯ ಮೆಟ್ಟಿಲು ಹತ್ತದಿದ್ದರೆ ಆ ನಷ್ಟ ಪುಸ್ತಕದ ನಷ್ಟಕ್ಕಿಂತ ಹೆಚ್ಚು.

ಮೊದಲ ಪಟ್ಟಿಯಲ್ಲೂ ಎರಡು ಕಡೆ ಎಚ್ಚರ ಬೇಕು. ಅವಧಿ ವಿಸ್ತರಿಸಿಕೊಂಡದ್ದನ್ನು ಹೊಸ ಎರವಲು ಎಂದು ಎಣಿಸಿದರೆ, ಒಬ್ಬರೇ ಮೂರು ಸಲ ಮುಂದುವರಿಸಿದ ದಪ್ಪ ಗ್ರಂಥ ನಾಲ್ವರು ಓದಿದಂತೆ ಕಾಣುತ್ತದೆ. ಕೊಹಾ ಇವೆರಡನ್ನೂ `issue`, `renew` ಎಂದು ಬೇರೆಯಾಗಿಯೇ ದಾಖಲಿಸುತ್ತದೆ, ಕೇಳುವಾಗ ಬೇರ್ಪಡಿಸಬೇಕಷ್ಟೆ. ಇನ್ನೊಂದು, ವಿಭಾಗಗಳ ವಿಂಗಡಣೆ. ಡ್ಯೂಯಿ ದಶಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ವರದಿಯನ್ನು ‘800 ಸಾಹಿತ್ಯ’ ಎಂಬ ಮಟ್ಟದಲ್ಲೇ ನಿಲ್ಲಿಸಿದರೆ ಕಾದಂಬರಿ, ಕವಿತೆ, ನಾಟಕ, ವಿಮರ್ಶೆ, ಇಂಗ್ಲಿಷ್ ಪತ್ತೇದಾರಿ ಕಥೆ ಎಲ್ಲವೂ ಒಂದೇ ಸಾಲಿನಲ್ಲಿ ಕರಗಿಹೋಗುತ್ತವೆ. ಸಾಹಿತ್ಯಕ್ಕೆ ಮೊದಲ ಸ್ಥಾನ ಎಂಬ ಮಾತಿನಿಂದ ಖರೀದಿ ಮಾಡುವವರಿಗೆ ಏನೂ ತಿಳಿಯುವುದಿಲ್ಲ.

ವಾಯಿದೆ ಮೀರಿದವರ ಹೆಸರುಗಳನ್ನು ನೋಟಿಸ್ ಬೋರ್ಡಿಗೆ ಅಂಟಿಸುವ ಅಭ್ಯಾಸ ನನಗೆ ಸರಿ ಕಾಣುವುದಿಲ್ಲ, ಅದರಲ್ಲೂ ಪುಸ್ತಕದ ಹೆಸರಿನ ಸಮೇತ. ಒಬ್ಬರು ವಿಚ್ಛೇದನ ಕಾನೂನಿನ ಪುಸ್ತಕವನ್ನೋ ಮಾನಸಿಕ ಕಾಯಿಲೆಯ ಪುಸ್ತಕವನ್ನೋ ಒಯ್ದದ್ದು ಊರಿಗೆಲ್ಲ ತಿಳಿಯಬೇಕಾದ ಸಂಗತಿಯಲ್ಲ. ದಂಡದ ಭಯವೂ ನಾವಂದುಕೊಂಡಷ್ಟು ಕೆಲಸ ಮಾಡುವುದಿಲ್ಲ. ದಿನ ಕಳೆದಂತೆ ದಂಡ ಬೆಳೆಯುತ್ತದೆ, ಬೆಳೆದಷ್ಟೂ ಕೌಂಟರಿಗೆ ಬರಲು ಸಂಕೋಚ. ಅಮೆರಿಕದ ಶಿಕಾಗೊ ಸಾರ್ವಜನಿಕ ಗ್ರಂಥಾಲಯ 2019ರ ಅಕ್ಟೋಬರ್‌ನಲ್ಲಿ ತಡವಾದ ಪುಸ್ತಕಗಳ ದಂಡವನ್ನೇ ಕೈಬಿಟ್ಟಾಗ, ಬಹುಕಾಲದಿಂದ ಬಾಕಿಯಿದ್ದ ಪುಸ್ತಕಗಳು ದೊಡ್ಡ ಪ್ರಮಾಣದಲ್ಲಿ ವಾಪಸು ಬಂದವು.

ಎಷ್ಟು ಪ್ರಯತ್ನಿಸಿದರೂ ಒಂದಷ್ಟು ಪುಸ್ತಕಗಳು ಬರುವುದಿಲ್ಲ. ಅವು ವರ್ಷಗಟ್ಟಲೆ ‘ಎರವಲಿನಲ್ಲಿದೆ’ ಎಂದೇ ಉಳಿದರೆ ಪಟ್ಟಿಯಲ್ಲಿ ಹುಡುಕುವ ಓದುಗರು ಸುಮ್ಮನೆ ಕಾಯುತ್ತಾರೆ, ಖರೀದಿಯ ಲೆಕ್ಕದಲ್ಲೂ ಪ್ರತಿಗಳು ಸಾಕಷ್ಟಿವೆ ಎಂದೇ ತೋರುತ್ತದೆ. ಅದಕ್ಕಾಗಿ ನಿಗದಿತ ದಿನಗಳಾದ ಮೇಲೆ ಅವನ್ನು ‘ಕಳೆದುಹೋಗಿದೆ’ ಎಂದು ಗುರುತಿಸಬೇಕು. ಕೊಹಾದಲ್ಲಿ `longoverdue.pl` ಎಂಬ ಪುಟ್ಟ ಕಾರ್ಯಕ್ರಮ ಇದನ್ನು ತಾನಾಗಿಯೇ ಮಾಡುತ್ತದೆ. ನಮ್ಮ ಉದಾಹರಣೆಯಲ್ಲಿ 70ರ ಪೈಕಿ 40 ವಾಪಸು ಬಂದು 30 ಹೋದವೆಂದೇ ಆದರೆ, ಆಗ ಸಭೆಯ ಮುಂದಿಡಬೇಕಾದ ಕೋರಿಕೆ ಖಚಿತವಾಗಿರುತ್ತದೆ: ಆ 30 ಪುಸ್ತಕಗಳ ಹೊಸ ಆವೃತ್ತಿಗಳು, ಪರೀಕ್ಷೆ ಹತ್ತಿರವಿರುವ ತಿಂಗಳುಗಳಲ್ಲಿ ಈ ವಿಭಾಗಕ್ಕೆ ಒಬ್ಬರಿಗೆ ಒಂದೇ ಪುಸ್ತಕ, ಅವಧಿ 15ರ ಬದಲು 7 ದಿನ, ಮತ್ತು ಪ್ರತಿ ಪುಸ್ತಕದ ಒಂದು ಪ್ರತಿ ಲೈಬ್ರರಿಯಲ್ಲೇ ಕೂತು ಓದುವವರಿಗಾಗಿ ಕಪಾಟಿನಲ್ಲೇ ಉಳಿಯಬೇಕು.