‘ಇಳಿದೆ ಅಮ್ಮ, ನೀವು ಊಟ ಮಾಡಿ’

ಪರಊರಿಗೆ ಓದಲು ಹೋದ ಮಗ ಮನೆಗೆ ಬರೆಯುತ್ತಿದ್ದ ಕಾಗದಕ್ಕೆ ಹಿಂದೆ ಒಂದು ಕ್ರಮವಿತ್ತು. ‘ತೀರ್ಥರೂಪು ತಂದೆಯವರಿಗೆ ಸಾಷ್ಟಾಂಗ ನಮಸ್ಕಾರಗಳು, ಉಭಯಕುಶಲೋಪರಿ’ ಎಂದು ಶುರುಮಾಡಿ, ಕ್ಷೇಮವನ್ನು ಎರಡು ಸಾಲಿನಲ್ಲಿ ಮುಗಿಸಿ, ಆಮೇಲೆ ದುಡ್ಡಿನ ವಿಷಯಕ್ಕೆ ಬರುವುದು. ತುರ್ತಾಗಿದ್ದರೆ ತಂತಿ. ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ಈಗಿನ ವಾಟ್ಸ್‌ಆ್ಯಪ್‌ನಲ್ಲಿ ಆ ಕಾಗದದ ಕ್ಷೇಮದ ಎರಡು ಸಾಲು ಮಾತ್ರ ಉಳಿದಿವೆ. ‘ತಲುಪಿದೆ’, ‘ಊಟ ಆಯ್ತಾ?’ ಸಾಲು ಎರಡೇ ಆದರೂ ಅವು ಹೊತ್ತಿಗೆ ಸರಿಯಾಗಿ ಬರುವುದು ಅಂದುಕೊಂಡಷ್ಟು ಸುಲಭವಲ್ಲ.

ತಿಪಟೂರಿನ ಹುಡುಗಿಯೊಬ್ಬಳು ಜರ್ಮನಿಯ ಆಖೆನ್‌ಗೆ ಓದಲು ಹೊರಟಿದ್ದಾಳೆ ಎಂದಿಟ್ಟುಕೊಳ್ಳಿ. ಸೆಪ್ಟೆಂಬರ್ ಕೊನೆ. ಬೆಂಗಳೂರಿನಿಂದ ನಸುಕಿನ ಮೂರೂವರೆಗೆ ವಿಮಾನ. ಫ್ರಾಂಕ್‌ಫರ್ಟ್‌ಗೆ ಸುಮಾರು ಹತ್ತು ಗಂಟೆಯ ಹಾದಿ. ಅವಳು ಇಳಿದಾಗ ಅಲ್ಲಿ ಬೆಳಗ್ಗೆ ಹತ್ತು, ಮನೆಯಲ್ಲಿ ಮಧ್ಯಾಹ್ನ ಒಂದೂವರೆ. ವಿಮಾನ ಇಳಿದಿದ್ದನ್ನು ಅಪ್ಪ ಮೊಬೈಲಿನಲ್ಲಿ ಆಗಲೇ ನೋಡಿಯಾಗಿದೆ, ಆದರೂ ಮಗಳಿಂದ ಸುದ್ದಿಯಿಲ್ಲ. ಅಮ್ಮ ಕಳಿಸಿದ ‘ಎಲ್ಲಿದೀಯ ಪುಟ್ಟಿ?’ ಎಂಬುದರ ಮುಂದೆ ಒಂದೇ ಟಿಕ್. ಆ ಒಂದು ಟಿಕ್ಕಿಗೆ ಮನೆಯವರು ಏನೇನೋ ಅರ್ಥ ಹಚ್ಚುತ್ತಾರೆ. ಅದಕ್ಕಿರುವ ಅರ್ಥ ಇಷ್ಟೇ: ಆಚೆಯ ಫೋನಿಗೆ ಇನ್ನೂ ಇಂಟರ್‌ನೆಟ್ ಸಿಕ್ಕಿಲ್ಲ. ಹುಡುಗಿ ಪಾಸ್‌ಪೋರ್ಟ್ ತಪಾಸಣೆಯ ಸಾಲಿನಲ್ಲಿದ್ದಾಳೆ, ಫೋನು ಇನ್ನೂ ಫ್ಲೈಟ್ ಮೋಡ್‌ನಲ್ಲೇ ಇದೆ.

ರೋಮಿಂಗ್ ಹಾಕಿಸದ ನಮ್ಮ ಸಿಮ್‌ಗೆ ಅಲ್ಲಿ ಸಿಗ್ನಲ್ ಬರುವುದಿಲ್ಲ. ಆದರೆ ವಿಮಾನ ನಿಲ್ದಾಣದ ವೈಫೈ ಹಿಡಿದರೆ ಅದೇ ಭಾರತದ ನಂಬರಿನ ವಾಟ್ಸ್‌ಆ್ಯಪ್ ಎಂದಿನಂತೆ ಕೆಲಸ ಮಾಡುತ್ತದೆ. ಇದನ್ನು ಹೊರಡುವ ಮುಂಚೆಯೇ ಅಪ್ಪ ಅಮ್ಮನಿಗೆ ಹೇಳಿಟ್ಟರೆ ಅರ್ಧ ಗಾಬರಿ ಕಡಿಮೆ. ಇನ್ನರ್ಧಕ್ಕೆ, ‘ತಲುಪಿದೆ’ಯನ್ನು ಒಂದೇ ಸಲ ಹೇಳದೆ ಮೂರು ತುಂಡು ಮಾಡಬೇಕು. ಮೊದಲನೆಯದು: ‘ಇಳಿದೆ ಅಮ್ಮ. ಬ್ಯಾಗ್ ಬರಬೇಕು. ನೀವು ಊಟ ಮಾಡಿ, ಕಾಯಬೇಡಿ.’ ಎರಡನೆಯದು: ‘ರೈಲು ಹತ್ತಿದೆ. ದಾರಿಯಲ್ಲಿ ನೆಟ್ ಹೋಗಬಹುದು.’ ಮೂರನೆಯದು ನಮ್ಮ ಸಂಜೆ ಏಳರ ಹೊತ್ತಿಗೆ: ‘ರೂಮಿನ ಕೀ ಸಿಕ್ತು. ಚಕ್ಕುಲಿ ಒಂದೂ ಮುರಿದಿಲ್ಲ.’ ಎರಡನೆಯದನ್ನು ಹುಡುಗರು ಸಾಮಾನ್ಯವಾಗಿ ಕಳಿಸುವುದಿಲ್ಲ, ಮನೆಯವರಿಗೆ ಹೆಚ್ಚು ಬೇಕಾದದ್ದೇ ಅದು. ಮುಂದಿನ ಮೂರು ಗಂಟೆ ಫೋನು ಸುಮ್ಮನಿದ್ದರೂ ಯಾಕೆಂದು ಅವರಿಗೆ ಗೊತ್ತಿರುತ್ತದೆ.

ಊಟದ ಪ್ರಶ್ನೆಯ ಕಷ್ಟವೇ ಬೇರೆ. ಅಮ್ಮ ಕೇಳುವುದು ರಾತ್ರಿ ಅಡುಗೆಮನೆ ಒರೆಸಿ, ಒಂಬತ್ತಕ್ಕೆ ಬಂದು ಕೂತಾಗ. ಆಗ ಆಖೆನ್‌ನಲ್ಲಿ ಸಂಜೆ ಐದೂವರೆ. ಅಕ್ಟೋಬರಿನ ಕೊನೆಯ ಭಾನುವಾರ ಯುರೋಪಿನವರು ಗಡಿಯಾರ ಒಂದು ಗಂಟೆ ಹಿಂದಿಟ್ಟ ಮೇಲೆ ನಾಲ್ಕೂವರೆ. ಮಧ್ಯಾಹ್ನದ ಊಟ ಕರಗಿರುತ್ತದೆ, ರಾತ್ರಿಯದಕ್ಕೆ ಅಕ್ಕಿ ತೊಳೆದಿರುವುದಿಲ್ಲ. ಅವಳು ‘ಆಯ್ತಮ್ಮ’ ಎನ್ನುತ್ತಾಳೆ. ಅದು ಪೂರ್ತಿ ಸುಳ್ಳಲ್ಲ, ಆದರೆ ಅಮ್ಮ ಕೇಳಿದ್ದಕ್ಕೆ ಉತ್ತರವೂ ಅಲ್ಲ. ಚಳಿಗಾಲದಲ್ಲಿ ಅವಳು ನಿಜವಾಗಿ ಉಣ್ಣುವ ಎಂಟು ಗಂಟೆ ಎಂದರೆ ಇಲ್ಲಿ ರಾತ್ರಿ ಹನ್ನೆರಡೂವರೆ.

ಹಾಗಾಗಿ ಬರೀ ‘ಆಯ್ತು’ ಸಾಲದು. ‘ಮಧ್ಯಾಹ್ನ ಮೆನ್ಸಾದಲ್ಲಿ ಆಲೂಗಡ್ಡೆ, ಬೀನ್ಸ್. ರಾತ್ರಿಗೆ ಅನ್ನ, ನಿನ್ನ ಸಾರಿನ ಪುಡಿ’ ಎಂದು ಬರೆದರೆ ಅಮ್ಮನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ. ಮೆನ್ಸಾ ಎಂದರೆ ಅಲ್ಲಿನ ವಿಶ್ವವಿದ್ಯಾಲಯದ ಕ್ಯಾಂಟೀನು. ಪುಡಿ ಎಷ್ಟು ಉಳಿದಿದೆ ಎಂಬ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ, ಮಾತು ಬೆಳೆಯುತ್ತದೆ.

ಇವೇ ಸಾಲುಗಳು ಧಾರವಾಡದ ಕಡೆಯ ಮನೆಗೆ ‘ಅವ್ವಾ, ಮುಟ್ಟೀನಿ’ ಎಂದು ಹೋಗುತ್ತವೆ. ಹಲವು ಮನೆಗಳಲ್ಲಿ ಅಮ್ಮನಿಗೆ ‘ಮಾತ್ರೆ ತಗೊಂಡ್ಯಾ?’, ಅಪ್ಪನಿಗೆ ‘ತಗೊಂಡ್ರಾ?’ ಈ ಆಪ್ತತೆ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಕನ್ನಡದಲ್ಲೂ ಇರಬಹುದು. ಆದರೆ ಕನ್ನಡ ಪತ್ರಿಕೆಯನ್ನಷ್ಟೇ ಓದುವ ಅಪ್ಪ ‘ಊಟ’ವನ್ನು ಇಂಗ್ಲಿಷ್ ಅಕ್ಷರದಲ್ಲಿ ಕೂಡಿಸಿ ಓದಬೇಕಾಗುತ್ತದೆ. ಕನ್ನಡ ಕೀಬೋರ್ಡ್ ಹಾಕಿಕೊಳ್ಳಲು ಎರಡು ನಿಮಿಷ ಸಾಕು. ಓದಲಾಗದ ಅಜ್ಜಿಗೆ ಹತ್ತು ಸೆಕೆಂಡಿನ ಧ್ವನಿ ಸಂದೇಶ ಕಳಿಸಬಹುದು. ಅಜ್ಜಿ ಅದನ್ನು ಪಕ್ಕದ ಮನೆಯವರಿಗೂ ಕೇಳಿಸುತ್ತಾರೆ ಎಂಬುದು ನೆನಪಿರಲಿ.

ಮನೆಯವರು ಅಷ್ಟು ಗಮನಿಸಿ ಓದುವುದರಿಂದ ಬದಲಾವಣೆ ಬೇಗ ಸಿಕ್ಕಿಬೀಳುತ್ತದೆ. ದಿನಾ ‘ಆಯ್ತಮ್ಮ, ನಿಂದು?’ ಎನ್ನುತ್ತಿದ್ದವಳು ಮೂರು ದಿನ ಬರೀ ‘ಹ್ಞೂಂ’ ಎಂದರೆ ನಾಲ್ಕನೆಯ ದಿನ ವಿಡಿಯೊ ಕಾಲ್ ಬರುತ್ತದೆ. ಪರೀಕ್ಷೆಯೋ ಜ್ವರವೋ ಇದ್ದರೆ ಮೊದಲೇ ಬರೆದುಬಿಡುವುದು ವಾಸಿ: ‘ಈ ವಾರ ಪರೀಕ್ಷೆ. ಬೆಳಗ್ಗೆ ಒಂದು ಸಲ ಮಾತ್ರ ಮೆಸೇಜ್ ಮಾಡ್ತೀನಿ.’ ಅವಳ ಬೆಳಗ್ಗೆ ಎಂಟೂವರೆಗೆ ಇಲ್ಲಿ ಒಂದು ಗಂಟೆ. ಅವಳು ಬ್ರೆಡ್ ಕಚ್ಚುವಾಗ ಇಲ್ಲಿ ತಟ್ಟೆ ಹಾಕುತ್ತಿರುತ್ತಾರೆ, ಇಬ್ಬರೂ ಕೇಳಿದ್ದಕ್ಕೆ ಇಬ್ಬರೂ ಸರಿಯಾದ ಉತ್ತರ ಕೊಡಬಹುದು.